ಸೇತುವೆ ಮುಳುಗುವ ಮೊದಲೇ ದಾಟಬೇಕಾದ ಮೂಟೆಗಳು

ಐದನೇ ಸೆಮಿಸ್ಟರ್‌ನಲ್ಲಿ ನಮಗೆ 'ಸಾಗಣೆ ಸಮಸ್ಯೆ' ಎಂಬ ಒಂದು ಪಾಠವಿತ್ತು. ಮೂರು ಗೋದಾಮು, ನಾಲ್ಕು ಊರು, ಪ್ರತಿ ದಾರಿಗೂ ಒಂದು ಖರ್ಚು. ಯಾವ ಗೋದಾಮಿನಿಂದ ಯಾವ ಊರಿಗೆ ಎಷ್ಟು ಮೂಟೆ ಕಳಿಸಿದರೆ ಒಟ್ಟು ಖರ್ಚು ಕಡಿಮೆಯಾಗುತ್ತದೆ ಎಂದು ಕಂಡುಹಿಡಿಯಬೇಕು. ಚೌಕಗಳಲ್ಲಿ ಅಂಕಿ ತುಂಬುತ್ತಾ ಕೂತಿದ್ದಾಗ ನನಗೆ ನೆನಪಾದದ್ದು ನಮ್ಮ ಅತ್ತೆಯ ಊರು. ಲಿಂಗಸುಗೂರು ತಾಲ್ಲೂಕಿನಲ್ಲಿ, ಕೃಷ್ಣಾ ನದಿಯ ಆಚೆಗಿರುವ ಊರದು. ಪುಸ್ತಕದ ಲೆಕ್ಕದಲ್ಲಿ ದಾರಿಯ ಖರ್ಚು ಇವತ್ತು ಎಷ್ಟೋ ನಾಳೆಯೂ ಅಷ್ಟೇ. ನಮ್ಮ ಅತ್ತೆಯ ಊರಿನ ದಾರಿಯಲ್ಲಿ ಇವತ್ತು ಟ್ರ್ಯಾಕ್ಟರ್ ಹೋಗುತ್ತದೆ, ನಾಳೆ ದಾರಿಯೇ ಇರುವುದಿಲ್ಲ.

ಲಿಂಗಸುಗೂರು ತಾಲ್ಲೂಕಿನವರಿಗೆ ಶೀಲಹಳ್ಳಿ ಸೇತುವೆಯ ಬಗ್ಗೆ ಹೇಳಬೇಕಾಗಿಲ್ಲ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೊರಹರಿವು ಒಂದೂವರೆ–ಎರಡು ಲಕ್ಷ ಕ್ಯುಸೆಕ್ ಹತ್ತಿರ ಬಂತೆಂದರೆ ಸೇತುವೆ ಮುಳುಗಿದ ಸುದ್ದಿ ಬರುತ್ತದೆ. ಹಂಚಿನಾಳ, ಯಳಗುಂದಿ, ಯರಗೋಡಿ, ಕಡದರಗಡ್ಡಿ ಕಡೆಯವರಿಗೆ ಲಿಂಗಸುಗೂರಿನ ನೇರ ದಾರಿ ನಿಂತುಹೋಗುತ್ತದೆ. ಕರಕಲಗಡ್ಡಿ, ಮ್ಯಾದರಗಡ್ಡಿಯಂಥ ನಡುಗಡ್ಡೆಗಳಲ್ಲಿ ಇರುವ ಬೆರಳೆಣಿಕೆಯ ಕುಟುಂಬಗಳಿಗಂತೂ ಸುತ್ತಲೂ ನೀರೇ. 2019ರ ಆಗಸ್ಟ್‌ನಲ್ಲಿ ಈ ಹೊರಹರಿವು ಐದು ಲಕ್ಷ ಕ್ಯುಸೆಕ್ ದಾಟಿತ್ತು. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಮಿಕ್ಕದ್ದನ್ನು ನೀವೇ ಗುಣಿಸಿ ನೋಡಿ.

ಅದೇ ವಾರ ದೇವದುರ್ಗ ತಾಲ್ಲೂಕಿನ ಹಿರೇರಾಯನಕುಂಪಿಯ ಹುಡುಗನೊಬ್ಬ ನೀರು ಹರಿಯುತ್ತಿದ್ದ ಸೇತುವೆಯ ಮೇಲೆ ಮುಂದೆ ಮುಂದೆ ಓಡಿ ಆಂಬುಲೆನ್ಸ್‌ಗೆ ದಾರಿ ತೋರಿಸಿದ ವಿಡಿಯೊ ಎಲ್ಲರ ಮೊಬೈಲಿನಲ್ಲೂ ಇತ್ತು. ಆ ಹುಡುಗನಿಗೆ ಮುಂದೆ ಶೌರ್ಯ ಪ್ರಶಸ್ತಿಯೂ ಬಂತು. ಆದರೆ ಆ ವಿಡಿಯೊ ನೋಡಿ ಅಕ್ಕಿ ಮೂಟೆಯ ಲಾರಿಯನ್ನೂ ಹೀಗೇ ದಾಟಿಸಬಹುದು ಎಂದು ಯಾರೂ ಅಂದುಕೊಳ್ಳಬಾರದು. ಕೆಂಪು ನೀರಿನ ಕೆಳಗೆ ರಸ್ತೆಯ ಅಂಚು ಎಲ್ಲಿದೆ, ಮಣ್ಣು ಎಲ್ಲಿ ಕೊಚ್ಚಿಹೋಗಿದೆ ಎಂದು ಮೇಲಿನಿಂದ ಕಾಣುವುದಿಲ್ಲ. ಸೇತುವೆ ಮುಳುಗಿದ ಮೇಲೆ ಉಳಿಯುವುದು ದೋಣಿ ಮಾತ್ರ. ತೀರಾ ಅನಿವಾರ್ಯವಾದರೆ ಹೆಲಿಕಾಪ್ಟರ್.

ಆಗ ನಾನು ಹೈಸ್ಕೂಲಿನಲ್ಲಿದ್ದೆ. ನಮ್ಮ ಊರಿನವರು ಸೇರಿ ಒಂದು ಟೆಂಪೊ ತುಂಬಾ ಸಾಮಾನು ಕೂಡಿಸಿದರು. ನಾನೂ ಬಿಸ್ಕೆಟ್ ಡಬ್ಬಗಳನ್ನು ಹೊತ್ತು ಹಾಕಿದ್ದೆ. ಬ್ರೆಡ್ಡು, ಬಾಳೆಹಣ್ಣು, ನೀರಿನ ಬಾಟಲಿ, ಹಳೆ ಬಟ್ಟೆ, ಒಂದಿಷ್ಟು ಹಾಸಿಗೆ. ಟೆಂಪೊ ದಂಡೆಯವರೆಗೆ ಹೋಯಿತು. ದೋಣಿ ಜನರನ್ನು ಕರೆತರುವುದರಲ್ಲಿ ಇತ್ತು, ಸಾಮಾನಿಗೆ ಜಾಗವಿರಲಿಲ್ಲ. ಮೂರನೇ ದಿನಕ್ಕೆ ಬ್ರೆಡ್ಡಿಗೆ ಬೂಸು ಬಂತು, ಬಟ್ಟೆಯ ಗಂಟು ಮಳೆಯಲ್ಲಿ ನೆಂದು ಎತ್ತಲಾರದಷ್ಟು ಭಾರವಾಯಿತು. ಕೊನೆಗೆ ಈಚೆ ದಂಡೆಯ ಊರುಗಳಲ್ಲೇ ಹಂಚಿ ವಾಪಸ್ಸಾದರು. ನೀರು ಇಳಿದ ಮೇಲೆ ಅತ್ತೆಯ ಊರಿಗೆ ಹೋದಾಗ, 'ಮಾವ, ಊಟಕ್ಕ ಏನ್ ಮಾಡಿದ್ರಿ?' ಅಂತ ಕೇಳಿದೆ.

'ಊಟಕ್ಕೇನ್ ಅಳಿಯಾ, ಮನ್ಯಾಗ ಇದ್ದ ಅಕ್ಕೀನ ನಾಕ್ ದಿನ ಎಳದ್ವಿ. ದನಕ್ಕ ಏನ್ ಹಾಕಬೇಕಿತ್ತು ಹೇಳು' ಅಂದರು.

ಟೆಂಪೊದಲ್ಲಿ ಒಂದು ಹಿಡಿ ಮೇವೂ ಇರಲಿಲ್ಲ.

ಆ ಮಾತು ತಲೆಯಲ್ಲಿ ಉಳಿದಿತ್ತು. ಈ ಸಲ ಸಾಗಣೆ ಸಮಸ್ಯೆಯ ಪಾಠ ಮುಗಿದ ಮೇಲೆ ನಾನೇ ಒಂದು ಊರು ಮಾಡಿಕೊಂಡು ಲೆಕ್ಕ ಹಾಕಿದೆ. ಇದು ಲೆಕ್ಕಕ್ಕೆಂದು ಹಿಡಿದ ಊರು, ಯಾವ ನಿಜವಾದ ಊರಿನ ಅಂಕಿಯೂ ಅಲ್ಲ. 90 ಮನೆ, 450 ಜನ, 200 ದನ-ಎಮ್ಮೆ-ಎತ್ತು. ಹತ್ತು ದಿನ ದಾರಿ ಇಲ್ಲ ಎಂದುಕೊಳ್ಳೋಣ.

ಮೊದಲು ಊಟ. ವಿಪತ್ತಿನ ಕಾಲದ ನೆರವಿಗೆ ಜಗತ್ತಿನಾದ್ಯಂತ ಬಳಸುವ 'ಸ್ಫಿಯರ್' ಮಾನದಂಡದ ಪ್ರಕಾರ ಒಬ್ಬರಿಗೆ ದಿನಕ್ಕೆ 2,100 ಕ್ಯಾಲೊರಿ ಬೇಕು. 400 ಗ್ರಾಂ ಅಕ್ಕಿ, 60 ಗ್ರಾಂ ಬೇಳೆ, 25 ಗ್ರಾಂ ಎಣ್ಣೆ ಕೊಟ್ಟರೆ ಸುಮಾರು 1,800 ಆಗುತ್ತದೆ. ಜತೆಗೆ 50 ಗ್ರಾಂ ಶೇಂಗಾ ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ, ನಮ್ಮ ಕಡೆಯ ಬಾಯಿಗೂ ರುಚಿ. 450 ಜನರಿಗೆ ಹತ್ತು ದಿನಕ್ಕೆ ಅಕ್ಕಿ 18 ಕ್ವಿಂಟಲ್. ಬೇಳೆ, ಎಣ್ಣೆ, ಶೇಂಗಾ ಎಲ್ಲ ಸೇರಿ ಇನ್ನೊಂದು ಆರು ಕ್ವಿಂಟಲ್. ಒಟ್ಟು 24. ಇದು ಒಂದು ಟ್ರ್ಯಾಕ್ಟರ್ ಟ್ರೇಲರಿಗೆ ಒಂದೇ ಸಲದ ಹೇರು.

ಜೋಳದ ಸೀಮೆಯಲ್ಲಿ ಅಕ್ಕಿ ಯಾಕೆ, ಜೋಳವನ್ನೇ ಕೊಡಬಾರದೇ ಎಂದು ನನಗೂ ಅನಿಸಿತ್ತು. ಜೋಳ ಕೊಟ್ಟರೆ ಬೀಸಬೇಕು. ನೆರೆ ಬಂದಾಗ ಮೊದಲು ಹೋಗುವುದು ಕರೆಂಟು, ಕರೆಂಟು ಹೋದರೆ ಗಿರಣಿ ನಿಂತಿತು. ಹಾಗಾದರೆ ಹಿಟ್ಟನ್ನೇ ಇಡೋಣವೆಂದರೆ, ಬೀಸಿದ ಜೋಳದ ಹಿಟ್ಟು ಮಳೆಗಾಲದಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ, ಕಹಿಯಾಗುತ್ತದೆ. ನೆನೆಯದಂತೆ ಇಟ್ಟ ಅಕ್ಕಿ ತಿಂಗಳುಗಟ್ಟಲೆ ಇರುತ್ತದೆ. ಕುದಿಸಿದರೆ ಊಟ. ಹತ್ತು ದಿನ ರೊಟ್ಟಿ ಇಲ್ಲದಿದ್ದರೂ ನಡೆಯುತ್ತದೆ ಎಂದು ಅತ್ತೆಯೇ ತೀರ್ಪು ಕೊಟ್ಟರು. ಆದರೆ ಒಣ ಕಟ್ಟಿಗೆ ಇಲ್ಲದಿದ್ದರೆ ಅಕ್ಕಿಯೂ ನಡೆಯುವುದಿಲ್ಲವಂತೆ. ಅದು ನನ್ನ ಪಟ್ಟಿಯಲ್ಲೇ ಇರಲಿಲ್ಲ.

ಆಮೇಲೆ ನೀರು. ಕುಡಿಯಲು ಮಾತ್ರವೇ ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ಹಿಡಿದರೆ ದಿನಕ್ಕೆ 1,350 ಲೀಟರ್. ಹತ್ತು ದಿನಕ್ಕೆ 13,500 ಲೀಟರ್. ಅಂದರೆ 135 ಕ್ವಿಂಟಲ್, ಊಟದ ತೂಕದ ಐದು ಪಟ್ಟಿಗಿಂತ ಹೆಚ್ಚು. ನಾವು ಟೆಂಪೊದಲ್ಲಿ ಹೇರಿದ್ದ ಬಾಟಲಿಗಳು ಈ ಲೆಕ್ಕದ ಮುಂದೆ ಏನೂ ಅಲ್ಲ. ನೀರನ್ನು ಸಾಗಿಸುವುದೇ ತಪ್ಪು. ಸಾಗಿಸಬೇಕಾದ್ದು ನೀರನ್ನು ಶುದ್ಧ ಮಾಡುವ ವಸ್ತು. 20 ಲೀಟರಿಗೆ ಒಂದು ಹಾಕುವ ಕ್ಲೋರಿನ್ ಮಾತ್ರೆ ತೆಗೆದುಕೊಂಡರೆ ದಿನಕ್ಕೆ 68, ಹತ್ತು ದಿನಕ್ಕೆ 680 ಮಾತ್ರೆ. ನಿಮ್ಮ ಕಾಲೇಜ್ ಬ್ಯಾಗಿನಲ್ಲಿ ಹಿಡಿಯುತ್ತದೆ.

ಇದರಲ್ಲಿ ಒಂದು ಮೋಸವಿದೆ. ಕೆಸರು ನೀರಿಗೆ ನೇರವಾಗಿ ಮಾತ್ರೆ ಹಾಕಿದರೆ ಕ್ಲೋರಿನ್ ಎಲ್ಲ ಕೆಸರಿಗೇ ಖರ್ಚಾಗಿ ಕ್ರಿಮಿಗಳು ಹಾಗೇ ಉಳಿಯುತ್ತವೆ. ಮೊದಲು ಪಟಿಕ ತಿರುವಿ ಮಣ್ಣು ತಳಕ್ಕೆ ಇಳಿಯಲು ಬಿಡಬೇಕು, ಮೇಲಿನ ತಿಳಿಯನ್ನು ದಪ್ಪ ಬಟ್ಟೆಯಲ್ಲಿ ಸೋಸಬೇಕು, ಆಮೇಲೆ ಮಾತ್ರೆ, ಆಮೇಲೆ ಅರ್ಧ ಗಂಟೆ ಕಾಯಬೇಕು. ಅರ್ಧ ಗಂಟೆಯಾದ ಮೇಲೂ ನೀರಿಗೆ ಕ್ಲೋರಿನ್ನಿನ ಸಣ್ಣ ವಾಸನೆ ಇರಬೇಕು. ವಾಸನೆಯೇ ಇಲ್ಲವೆಂದರೆ ಮಾತ್ರೆ ಸಾಲಲಿಲ್ಲ ಎಂದು ಅರ್ಥ. ಜನ ಮಾಡುವುದು ಇದರ ಉಲ್ಟಾ, ವಾಸನೆ ಬಂದ ನೀರನ್ನೇ ಕೆಟ್ಟದ್ದೆಂದು ಚೆಲ್ಲುತ್ತಾರೆ. ಬ್ಲೀಚಿಂಗ್ ಪೌಡರ್ ಇದೆಯಲ್ಲ ಎನ್ನಬಹುದು. ಅದು ಬಾಯಿ ತೆರೆದ ಚೀಲದಲ್ಲಿ, ಮಳೆಗಾಲದ ತೇವದಲ್ಲಿ ಕೂತಷ್ಟೂ ಶಕ್ತಿ ಕಳೆದುಕೊಳ್ಳುತ್ತದೆ. ಹೋದ ವರ್ಷದ ಚೀಲವನ್ನು ನಂಬುವಂತಿಲ್ಲ.

ಈಗ ಮಾವನ ಪ್ರಶ್ನೆಗೆ ಬರೋಣ. ಒಂದು ದನಕ್ಕೆ ದಿನಕ್ಕೆ ಆರು ಕೆ.ಜಿ. ಒಣ ಮೇವು ಎಂದು ಕೈಬಿಗಿ ಹಿಡಿದೇ ಲೆಕ್ಕ ಹಾಕಿದೆ. 200 ದನಕ್ಕೆ ದಿನಕ್ಕೆ 12 ಕ್ವಿಂಟಲ್, ಹತ್ತು ದಿನಕ್ಕೆ 120 ಕ್ವಿಂಟಲ್. ಇಡೀ ಊರಿನ ಜನರ ಊಟಕ್ಕಿಂತ ಐದು ಪಟ್ಟು! ಮೂರು ಸಲ ಕೂಡಿ ಕಳೆದು ನೋಡಿದೆ, ತಪ್ಪಿರಲಿಲ್ಲ.

ಇದನ್ನು ದೋಣಿಯಲ್ಲಿ ದಾಟಿಸಲು ನೋಡಿ. ಹತ್ತು ಜನ ಕೂರುವ ರಬ್ಬರ್ ದೋಣಿ ಅಂದರೆ ಆರೇಳು ಕ್ವಿಂಟಲ್ ಭಾರ. ಊಟದ 24 ಕ್ವಿಂಟಲಿಗೆ ನಾಲ್ಕು ಸುತ್ತು ಸಾಕು. ಮೇವಿಗೆ ತೂಕದ ಲೆಕ್ಕದಲ್ಲೇ ಕನಿಷ್ಠ 18 ಸುತ್ತು ಬೇಕು. ಆದರೆ ಕಣಿಕಿಯ ಸಿವುಡು ತೂಕದಲ್ಲಿ ಕಡಿಮೆ, ಗಾತ್ರದಲ್ಲಿ ಹೆಚ್ಚು. ಏಳು ಕ್ವಿಂಟಲ್ ಆಗುವ ಮೊದಲೇ ದೋಣಿ ತುಂಬಿ, ಗಾಳಿಗೆ ಓಲಾಡುತ್ತದೆ. ಸುತ್ತುಗಳು ಮೂವತ್ತೋ ನಲವತ್ತೋ ಆಗುತ್ತವೆ. ಅಷ್ಟು ಹೊತ್ತು ಆ ದೋಣಿ ಗರ್ಭಿಣಿಯರನ್ನು, ಹಾವು ಕಚ್ಚಿದವರನ್ನು, ಮನೆಯ ಮಾಳಿಗೆ ಮೇಲೆ ಕೂತವರನ್ನು ಬಿಟ್ಟು ಮೇವು ಹೊರಬೇಕು. ಯಾವ ಅಧಿಕಾರಿಯೂ ಇದಕ್ಕೆ ಒಪ್ಪುವುದಿಲ್ಲ, ಒಪ್ಪಲೂಬಾರದು. ಹಾಗಾಗಿ ಮೇವು ಬರುವುದಿಲ್ಲ. ಮೇವು ಬರುವುದಿಲ್ಲವೆಂದು ಗೊತ್ತಿರುವುದರಿಂದಲೇ ಜನ ಊರು ಬಿಡುವುದಿಲ್ಲ. 'ಎಷ್ಟು ಹೇಳಿದರೂ ಕಾಳಜಿ ಕೇಂದ್ರಕ್ಕೆ ಬರುತ್ತಿಲ್ಲ' ಎಂದು ಟಿ.ವಿ.ಯಲ್ಲಿ ಹೇಳುವಾಗ ಅದನ್ನು ಹಟವೆಂದು ನಾವು ಅಂದುಕೊಳ್ಳುತ್ತೇವೆ. ಒಂದು ಜೋಡಿ ಎತ್ತಿನ ಬೆಲೆ ಗೊತ್ತಿದ್ದವರು ಹಾಗೆ ಅಂದುಕೊಳ್ಳಲಾರರು.

ಅದೇ ಮೇವನ್ನು ಮೇ ತಿಂಗಳಿನಲ್ಲಿ, ಒಣ ಸೇತುವೆಯ ಮೇಲೆ ಟ್ರ್ಯಾಕ್ಟರಿನಲ್ಲಿ ತಂದರೆ ಎಂಟು ಹತ್ತು ಹೇರಿನಲ್ಲಿ ಕೆಲಸ ಮುಗಿಯಿತು. ಅಷ್ಟೂ ತರಬೇಕಾಗಿಯೂ ಇಲ್ಲ. ಹಿಂಗಾರಿ ಜೋಳ ಫೆಬ್ರುವರಿ–ಮಾರ್ಚ್‌ನಲ್ಲಿ ಕೊಯ್ಲಾದ ಮೇಲೆ ಊರಲ್ಲೇ ಕಣಿಕಿ ಇರುತ್ತದೆ. ಆದರೆ ಬೆಂಕಿಯ ಭಯಕ್ಕೆ ಬಣವೆಗಳನ್ನು ಮನೆಗಳಿಂದ ದೂರ, ಹೊಲದ ಕಡೆಗೆ ಒಟ್ಟುತ್ತಾರೆ. ಹೊಲ ಇರುವುದು ಹೊಳೆಯ ಕಡೆಗೆ. ನೆರೆ ಬಂದಾಗ ಮೊದಲು ತೇಲಿಹೋಗುವುದು ಬಣವೆ. ಬೆಂಕಿಯಿಂದ ಉಳಿಸಲು ಹೋಗಿ ನೀರಿಗೆ ಕೊಟ್ಟಂತೆ. ಜೂನ್ ಒಳಗೆ ಹತ್ತು ದಿನದ ಪಾಲನ್ನಷ್ಟೇ ಎತ್ತರದ ಜಾಗಕ್ಕೆ, ಕಲ್ಲಿನ ಮೇಲೆ ಒಟ್ಟಿ ತಾಡಪಾಲು ಹೊದಿಸಿದರೆ ಸಾಕು. ಇಲ್ಲಿ ಬೇಕಾದ ನೆರವು ಮೇವಲ್ಲ, ತಾಡಪಾಲು ಮತ್ತು ಒಂದು ದಿನದ ಟ್ರ್ಯಾಕ್ಟರ್ ಬಾಡಿಗೆ.

ಸಾಮಾನನ್ನು ಮೊದಲೇ ಆಚೆ ಇಡಬೇಕು ಎಂದು ಹೇಳುವುದು ಸುಲಭ. ಎಲ್ಲಿ ಇಡುವುದು, ಯಾರು ಕಾಯುವುದು, ನೆರೆ ಬರದಿದ್ದರೆ ಏನು ಮಾಡುವುದು ಎಂಬಲ್ಲಿ ಕೆಲಸ ಕೆಡುತ್ತದೆ. ಲಡಾಖಿನಲ್ಲಿ ಹಿಮ ಬಿದ್ದು ಕಣಿವೆ ದಾರಿ ಮುಚ್ಚುವ ಮೊದಲೇ ಸೈನ್ಯ ಚಳಿಗಾಲದ ದಾಸ್ತಾನು ಮಾಡಿಕೊಳ್ಳುತ್ತದೆ. ಅಲ್ಲಿ ದಾರಿ ಮುಚ್ಚುವುದು ಖಚಿತ. ಕೃಷ್ಣೆ ಕೆಲವು ವರ್ಷ ಸೇತುವೆ ಮುಳುಗಿಸುತ್ತಾಳೆ, ಕೆಲವು ವರ್ಷ ಸುಮ್ಮನೆ ಹೋಗುತ್ತಾಳೆ. ಸುಮ್ಮನೆ ಹೋದ ವರ್ಷ 'ಇಷ್ಟೆಲ್ಲ ಯಾಕೆ ತಂದಿಟ್ಟಿರಿ' ಎಂದು ಆಡಿಟ್‌ನವರು ಕೇಳುತ್ತಾರೆ.

ಇದಕ್ಕೆ ನನಗೆ ಕಂಡ ಉತ್ತರ, ಹೊಸ ಗೋದಾಮು ಕಟ್ಟದೇ ಇರುವುದು. ಪಡಿತರದ ಅಕ್ಕಿಯನ್ನೇ ನೋಡಿ. ನಮ್ಮ ಊಟದ ಲೆಕ್ಕದಲ್ಲಿ ಒಬ್ಬರಿಗೆ ಹತ್ತು ದಿನಕ್ಕೆ ನಾಲ್ಕು ಕೆ.ಜಿ. ಅಕ್ಕಿ. ನ್ಯಾಯಬೆಲೆ ಅಂಗಡಿಯಲ್ಲಿ ತಿಂಗಳಿಗೆ ಐದು ಕೆ.ಜಿ. ಸಿಕ್ಕರೂ ಅದಕ್ಕಿಂತ ಹೆಚ್ಚೇ. ಆಚೆ ದಂಡೆಯ ಊರುಗಳಿಗೆ ಮಾತ್ರ ಜುಲೈ, ಆಗಸ್ಟ್‌ನ ಅಕ್ಕಿಯನ್ನು ಜೂನ್‌ನಲ್ಲೇ ಕೊಟ್ಟುಬಿಟ್ಟರೆ ಪ್ರತಿ ಮನೆಯೂ ಒಂದು ಗೋದಾಮು. ಹೇಗೂ ಅವರಿಗೆ ಸೇರಬೇಕಾದ ಅಕ್ಕಿ, ಒಂದು ಕಾಳೂ ಹೆಚ್ಚಿನ ಖರ್ಚಲ್ಲ. ನೆರೆ ಬಂದಾಗ ಹಂಚುವ ತಕರಾರೇ ಇಲ್ಲ. ನೆರೆ ಬರದಿದ್ದರೆ ಜನ ಉಣ್ಣುತ್ತಾರೆ, ಆಡಿಟ್‌ಗೆ ಹೇಳಲು ಏನೂ ಉಳಿಯುವುದಿಲ್ಲ.

ಇದರ ಮಿತಿಯೂ ಗೊತ್ತಿದೆ. ಕೈಯಲ್ಲಿ ಕಾಸಿಲ್ಲದ ಮನೆಯವರು ಎರಡು ತಿಂಗಳ ಅಕ್ಕಿಯನ್ನು ಮಾರಿಬಿಡಬಹುದು. ತಗ್ಗಿನ ಮನೆಗಳಲ್ಲಿ ಅಕ್ಕಿಯೂ ಮನೆಯ ಜತೆಗೇ ನೆನೆಯುತ್ತದೆ. ಅದಕ್ಕೇ ಊರಿಗೊಂದು ಸಣ್ಣ ಸಾಮೂಹಿಕ ದಾಸ್ತಾನು ಬೇಕು. ಅದಕ್ಕೆ ಸರಿಯಾದ ಜಾಗ ಶಾಲೆಯ ಬಿಸಿಯೂಟದ ಕೋಣೆ. ಅಲ್ಲಿ ದೊಡ್ಡ ಪಾತ್ರೆ ಇದೆ, ಒಲೆ ಇದೆ, ನೂರಾರು ಜನರಿಗೆ ಅಡುಗೆ ಮಾಡಿ ಗೊತ್ತಿರುವ ಅಡುಗೆಯವರು ಅದೇ ಊರಲ್ಲಿದ್ದಾರೆ. ಜೂನ್‌ನಲ್ಲಿ ಹೆಚ್ಚುವರಿ ಅಕ್ಕಿ, ಬೇಳೆ, ಎಣ್ಣೆ ತಂದಿಟ್ಟು, ನೆರೆ ಬರದಿದ್ದರೆ ದೀಪಾವಳಿಯ ಹೊತ್ತಿಗೆ ಮಕ್ಕಳ ಊಟಕ್ಕೇ ಬಳಸಿದರಾಯಿತು. ಸೆಪ್ಟೆಂಬರಿಗೇ ತೆಗೆದುಬಿಡಬಾರದು. 2009ರಲ್ಲಿ ಉತ್ತರ ಕರ್ನಾಟಕದ ದೊಡ್ಡ ನೆರೆ ಬಂದದ್ದು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ. ಅದು ಮೇಲಿನ ಅಣೆಕಟ್ಟಿನ ಸುದ್ದಿ ಕೇಳಿ ಬಂದ ನೆರೆಯೂ ಅಲ್ಲ, ಇಲ್ಲೇ ಸುರಿದ ಮಳೆ.

ಎಷ್ಟು ದಿನದ ದಾಸ್ತಾನು ಎಂಬುದಕ್ಕೂ ಒಂದೇ ಉತ್ತರವಿಲ್ಲ. ಹೆಚ್ಚಾಗಿ ಉಳಿದರೆ ಎಷ್ಟು ನಷ್ಟ, ಕಡಿಮೆ ಬಿದ್ದರೆ ಎಷ್ಟು ನಷ್ಟ ಎಂದು ಪ್ರತಿ ವಸ್ತುವಿಗೂ ಬೇರೆ ಬೇರೆ ಕೇಳಬೇಕು. ಅಕ್ಕಿ ಉಳಿದರೆ ನಷ್ಟವಿಲ್ಲ, ಹಾಗಾಗಿ ಇಪ್ಪತ್ತು ದಿನಕ್ಕಾಗುವಷ್ಟು ಇಡಬಹುದು. ಕ್ಲೋರಿನ್ ಮಾತ್ರೆ ಅಗ್ಗ, ಜಾಗವೂ ಬೇಡ, ಅದೂ ಇಪ್ಪತ್ತು ದಿನಕ್ಕಿರಲಿ. ಮೇವು ತಾಡಪಾಲಿನ ಕೆಳಗೂ ಬೂಸು ಹಿಡಿಯುತ್ತದೆ, ಹತ್ತು ದಿನ ಸಾಕು. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಯಾರಿಗೆ ಯಾವುದು ಬೇಕೋ ಅವರ ಕೈಗೇ ಒಂದು ತಿಂಗಳದ್ದು ಕೊಡಬೇಕು. ಹಾವಿನ ವಿಷದ ಔಷಧಿಯನ್ನು ಮಾತ್ರ ಊರಲ್ಲಿ ಇಟ್ಟು ಪ್ರಯೋಜನವಿಲ್ಲ. ಅದಕ್ಕೆ ಸಾಮಾನ್ಯವಾಗಿ ಮೊದಲ ಸಲವೇ ಹತ್ತು ವಯಲ್ ಬೇಕು, ಔಷಧಿಯೇ ಮೈಗೆ ಒಗ್ಗದಿದ್ದರೆ ನೋಡಿಕೊಳ್ಳಲು ವೈದ್ಯರು ಬೇಕು. ದೋಣಿಯನ್ನು ಖಾಲಿ ಇಟ್ಟುಕೊಳ್ಳಬೇಕಾದ್ದು ಇಂಥದ್ದಕ್ಕೇ. ತುಂಬು ಗರ್ಭಿಣಿಯರಿಗೆ ದೋಣಿಯನ್ನೂ ಕಾಯಬಾರದು. ಕೊಯ್ನಾ ಕಡೆ ಜೋರು ಮಳೆ, ಆಲಮಟ್ಟಿಗೆ ಒಳಹರಿವು ಏರುತ್ತಿದೆ ಎಂಬ ಸುದ್ದಿ ಬಂದಾಗಲೇ ಸೇತುವೆ ದಾಟಿಸಿ ಈಚೆಗೆ ತರಬೇಕು. ಮಹಾರಾಷ್ಟ್ರದ ಮಳೆಯ ನೀರು ನಮ್ಮವರೆಗೆ ಬರಲು ದಿನಗಳು ಬೇಕು. ನಾರಾಯಣಪುರದ ಗೇಟು ಎತ್ತಿದ ಮೇಲೆ ಶೀಲಹಳ್ಳಿಗೆ ನೀರು ಬರಲು ಉಳಿಯುವುದು ಕೆಲವೇ ಗಂಟೆ. ಆ ಗಂಟೆಗಳಲ್ಲಿ ಯಾವ ದಾಸ್ತಾನೂ ಆಗುವುದಿಲ್ಲ, ಜನರನ್ನು ಎಚ್ಚರಿಸಲು ಮಾತ್ರ ಅವು ಸಾಲುತ್ತವೆ.

ಹಂಚುವ ವಿಚಾರಕ್ಕೆ ಬಂದರೆ, ಮನೆಗೊಂದು ಕಿಟ್ ಎಂಬ ಪದ್ಧತಿ ನನಗೆ ಸರಿ ಕಾಣುವುದಿಲ್ಲ. ಹನ್ನೊಂದು ಜನರ ಕೂಡು ಕುಟುಂಬಕ್ಕೂ ಅದೇ ಕಿಟ್, ಇಬ್ಬರೇ ಮುದುಕರಿರುವ ಮನೆಗೂ ಅದೇ. ತಲೆ ಎಣಿಕೆಯ ಪಟ್ಟಿಯನ್ನು ಅಂಗನವಾಡಿ ಕಾರ್ಯಕರ್ತೆಯೋ ಆಶಾ ಕಾರ್ಯಕರ್ತೆಯೋ ಮೇ ತಿಂಗಳಲ್ಲೇ ಬರೆದು ಗೋಡೆಗೆ ಅಂಟಿಸಿದರೆ, ತಪ್ಪಿದ್ದರೆ ಊರಿನವರೇ ಹೇಳುತ್ತಾರೆ. ದೋಣಿ ಬಂದ ದಿನ ಬರೆಯಲು ಕೂತರೆ ದಂಡೆಯ ಹತ್ತಿರದ ಓಣಿಯವರ ಹೆಸರು ಎರಡೆರಡು ಸಲ ಬರುತ್ತದೆ, ಊರ ಹೊರಗಿನ ಕೇರಿಯವರಿಗೆ ದೋಣಿ ಬಂದದ್ದೇ ಸಂಜೆ ಗೊತ್ತಾಗುತ್ತದೆ. ಪಟ್ಟಿಯಲ್ಲಿ ದನದ ಎಣಿಕೆಗೂ ಒಂದು ಕಾಲಂ ಇರಲಿ.

ಹೋದ ರಜೆಯಲ್ಲಿ ಈ ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ಮಾವನಿಗೆ ಓದಿ ಹೇಳಿದೆ. ಮೇವಿನ ಅಂಕಿ ಬಂದಾಗ ತಲೆ ಆಡಿಸಿದರು. ಬಣವೆ ಸ್ಥಳಾಂತರದ ಮಾತಿಗೆ, ಎತ್ತರದ ಜಾಗ ಅಂದರೆ ಊರಲ್ಲಿ ಗುಡಿಯ ಮುಂದಿನ ಬಯಲು ಒಂದೇ, ಅಲ್ಲಿ ಬಣವೆ ಒಟ್ಟಲು ನಾಲ್ಕು ಮಂದಿ ಹಿರಿಯರು ಒಪ್ಪಬೇಕು ಎಂದರು. ಶಾಲೆಯ ಕೋಣೆಯ ವಿಷಯಕ್ಕೆ ಬಂದಾಗ ಮಾತ್ರ ನಕ್ಕುಬಿಟ್ಟರು.

'ಎಲ್ಲಾ ಖರೆ ಅಳಿಯಾ. ಆದ್ರ ಆ ಕ್ವಾಣಿ ಕೀಲಿ ಹೆಡ್ ಮಾಸ್ತರ್ ಕಡೆ ಇರ್ತದ. ಮಾಸ್ತರ್ ಮನಿ ಐತಲ್ಲ, ಅದು ಹೊಳಿ ಈಚಿಗೆ ಅಲ್ಲ, ಆಚಿಗೆ.'

ಹಾಳೆಯ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಕೀಲಿ ಎರಡು, ಒಂದು ಅಡುಗೆಯವರ ಕೈಯಲ್ಲಿ.